ಸೊನ್ನೆಯೂ ಒಂದು ಅಕ್ಷರ

ಅರ್ಗಾದ ನಮ್ಮ ಸಂಘದ ಕಚೇರಿಯೆಂದರೆ ಒಂದು ಕೋಣೆ, ಒಂದು ಕಪಾಟು, ಒಂದು ಕಂಪ್ಯೂಟರ್. ಕಳೆದ ಮಳೆಗಾಲದಲ್ಲಿ ನಲವತ್ತೆರಡು ಮಂದಿಯ ಖಾತೆಗೆ ಹಣ ಹಾಕಿಸಬೇಕಿತ್ತು. ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ, ಫೋನ್, ಮೊತ್ತ ಎಂದು ಐದು ಕಾಲಂ ಇರುವ ಪಟ್ಟಿಯನ್ನು ಬ್ಯಾಂಕು ಕೇಳಿತ್ತು. ಲೆಕ್ಕ ಬರೆಯುವ ಹುಡುಗಿ ಎರಡು ದಿನ ಕುಳಿತು ಪಾಸ್‌ಬುಕ್ಕಿನ ಝೆರಾಕ್ಸ್ ನೋಡುತ್ತ ಎಲ್ಲವನ್ನೂ ತುಂಬಿದಳು. ಮೂರನೆಯ ದಿನ ಪಟ್ಟಿಯ ಪ್ರಿಂಟ್ ಹಿಡಿದುಕೊಂಡು ನನ್ನ ಮನೆಗೇ ಬಂದಳು.

"ಮಾಸ್ತರೇ, ಈ ಐದೂ ಮಂದಿಗೆ ಒಂದೇ ನಂಬರ್ ಬಂದಿದೆ. ನಾನು ಬೇರೆ ಬೇರೆಯೇ ಹೊಡೆದದ್ದು."

ಹಾಳೆಯಲ್ಲಿ ಐದು ಹೆಸರುಗಳ ಎದುರಿಗೂ 1.23101E+11 ಎಂದಿತ್ತು. ಮೂವತ್ತು ವರ್ಷ ಗಣಿತ ಕಲಿಸಿದವನಾದ್ದರಿಂದ ಅದನ್ನು ಓದಲು ನನಗೆ ಬರುತ್ತದೆ. 1.23101 ಅನ್ನು 10ರ ಹನ್ನೊಂದನೆಯ ಘಾತದಿಂದ ಗುಣಿಸಿ ಎಂದು ಅದರ ಅರ್ಥ. ಆದರೆ ಗುಣಿಸಿದರೆ ಯಾರ ಖಾತೆಯೂ ಸಿಗುವುದಿಲ್ಲ. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ. ಜನ ಹೇಳುವ ಮದ್ದುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಯಾವುದು ನಿಲ್ಲುತ್ತದೆ, ಯಾವುದು ಅರ್ಧ ದಾರಿಯಲ್ಲಿ ಕೈಬಿಡುತ್ತದೆ ಎಂದು ನೋಡಿದ್ದೇನೆ.

ಮೊದಲು ರೋಗವೇನೆಂದು ತಿಳಿಯಬೇಕು. ಎಕ್ಸೆಲ್‌ನ ಹೊಸ ಹಾಳೆಯಲ್ಲಿ ಪ್ರತಿ ಮನೆಯೂ General ಎಂಬ ಸ್ಥಿತಿಯಲ್ಲಿರುತ್ತದೆ. ಅಲ್ಲಿ ಬರೀ ಅಂಕೆಗಳನ್ನು ಹೊಡೆದರೆ ಎಕ್ಸೆಲ್ ಅದನ್ನು ಮೊತ್ತವೆಂದು ತಿಳಿಯುತ್ತದೆ. ಮೊತ್ತದಲ್ಲಿ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ. 0500 ರೂಪಾಯಿ ಎಂದರೂ 500 ರೂಪಾಯಿಯೇ. ಹಾಗಾಗಿ ಸೊನ್ನೆಯನ್ನು ಒಗೆದುಬಿಡುತ್ತದೆ. ಹನ್ನೊಂದು ಅಂಕೆಯವರೆಗೆ ಸಂಖ್ಯೆಯನ್ನು ಪೂರ್ತಿ ತೋರಿಸುತ್ತದೆ; ಹನ್ನೆರಡಾದರೆ E ಹಾಕಿ ಚಿಕ್ಕದು ಮಾಡಿ ತೋರಿಸುತ್ತದೆ. ಈ E ಬರೀ ತೋರಿಕೆಯ ಮಾತು. ಹದಿನೈದು ಅಂಕೆ ದಾಟಿದ ಮೇಲೆ ಆಗುವುದು ತೋರಿಕೆಯಲ್ಲ, ನಷ್ಟ. ಹದಿನಾರನೆಯ ಅಂಕೆಯಿಂದ ಮುಂದಿನದನ್ನೆಲ್ಲ ಎಕ್ಸೆಲ್ ಸೊನ್ನೆ ಮಾಡಿ ಇಟ್ಟುಕೊಳ್ಳುತ್ತದೆ. 4567890123456789 ಎಂದು ಹೊಡೆದು ಎಂಟರ್ ಒತ್ತಿದರೆ ಒಳಗೆ ಉಳಿಯುವುದು 4567890123456780.

ಖಾತೆ ನಂಬರ್ ಮೊತ್ತವಲ್ಲ. ಅದನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಅದು ಅಂಕೆಗಳಲ್ಲಿ ಬರೆದ ಹೆಸರು. ಹೆಸರಿನ ಮೊದಲ ಅಕ್ಷರ ಬಿಟ್ಟರೆ ಅದು ಬೇರೆಯವರ ಹೆಸರಾಗುತ್ತದೆ, ಇಲ್ಲವೇ ಯಾರ ಹೆಸರೂ ಆಗುವುದಿಲ್ಲ. ಕಂಪ್ಯೂಟರಿಗೆ ಇದನ್ನು ನಾವೇ ಹೇಳಬೇಕು, ಅದೂ ಮೊದಲ ಅಂಕೆ ಹೊಡೆಯುವ ಮುಂಚೆಯೇ.

ಈ ತೊಂದರೆ ನಮ್ಮ ಕರಾವಳಿಯಲ್ಲಿ ತುಸು ಹೆಚ್ಚೇ ಕಾಣಿಸುವುದಕ್ಕೆ ಕಾರಣವಿದೆ. ಇದು ಬ್ಯಾಂಕುಗಳು ಹುಟ್ಟಿದ ತೀರ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದವು. ವಿಜಯಾ ಬ್ಯಾಂಕು 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟು ಕೆನರಾಕ್ಕೂ ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿಗೂ ಸೇರಿದವು. ಬ್ಯಾಂಕುಗಳು ಒಂದಾದರೂ ಅನೇಕ ಹಳೆಯ ಖಾತೆ ನಂಬರುಗಳು ಹಾಗೆಯೇ ಉಳಿದಿವೆ. ಇದರ ಮೇಲೆ ನಮ್ಮ ಊರಿನ ಕಥೆ ಬೇರೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಾರವಾರ ಮತ್ತು ಅಂಕೋಲಾ ತಾಲೂಕಿನ ಊರೂರುಗಳ ಜನ ನೆಲ ಬಿಟ್ಟು ಎದ್ದರು. ಸೀಬರ್ಡ್ ನಿರಾಶ್ರಿತರೆಂದೇ ಅವರನ್ನು ಇಂದಿಗೂ ಕರೆಯುತ್ತಾರೆ. ಒಬ್ಬರು ತೋಡೂರಿನಲ್ಲಿ, ಇನ್ನೊಬ್ಬರು ಹಾರವಾಡದಲ್ಲಿ ನೆಲೆಸಿದರು, ಮಗ ಗೋವೆಯಲ್ಲಿ, ಮಗಳು ಅಂಕೋಲೆಯಲ್ಲಿ. ಹಾಗಾಗಿ ಒಂದೇ ಊರಿನವರ ಪಟ್ಟಿ ಮಾಡಲು ಕುಳಿತರೂ ಹತ್ತು ಶಾಖೆಗಳ, ಐದಾರು ಬಗೆಯ ಉದ್ದದ ನಂಬರುಗಳು ಒಂದೇ ಕಾಲಮ್ಮಿನಲ್ಲಿ ಬಂದು ಕೂರುತ್ತವೆ.

ಸ್ಟೇಟ್ ಬ್ಯಾಂಕಿನ ಖಾತೆ ನಂಬರ್ ಬಳಕೆಯಲ್ಲಿ ಹನ್ನೊಂದು ಅಂಕೆಯದು. ಕೆಲವು ಸ್ಟೇಟ್‌ಮೆಂಟುಗಳಲ್ಲಿ ಅದರ ಮುಂದೆ ಆರು ಸೊನ್ನೆ ಸೇರಿ ಹದಿನೇಳಾಗಿ ಕಾಣಿಸುತ್ತದೆ. ಆ ಆರು ಸೊನ್ನೆ ಹೋದರೂ ಹಣ ತಲುಪುತ್ತದೆ. ಹನ್ನೊಂದು ಅಂಕೆಯೆಂದರೆ ಎಕ್ಸೆಲ್ ಪೂರ್ತಿ ತೋರಿಸುವ ಕೊನೆಯ ಮಿತಿ. ಆದ್ದರಿಂದ ಸ್ಟೇಟ್ ಬ್ಯಾಂಕಿನ ಖಾತೆಗಳಷ್ಟೇ ಇರುವ ಪಟ್ಟಿಯಲ್ಲಿ ಈ ರೋಗ ಕಾಣಿಸುವುದೇ ಇಲ್ಲ. ವರ್ಷಗಟ್ಟಲೆ ಹಾಗೆ ಪಟ್ಟಿ ಮಾಡಿದವರಿಗೆ ಅಭ್ಯಾಸ ಗಟ್ಟಿಯಾಗಿರುತ್ತದೆ, ಅನುಮಾನ ಹುಟ್ಟಿರುವುದಿಲ್ಲ. ಹಳೆಯ ಕೆನರಾ ಖಾತೆ ಹದಿಮೂರು ಅಂಕೆಯದು, ಸಿಂಡಿಕೇಟಿನದು ಹದಿನಾಲ್ಕು. ಎರಡರಲ್ಲೂ ಮೊದಲ ನಾಲ್ಕು ಅಂಕೆ ಶಾಖೆಯ ಸಂಕೇತ. ಶಾಖೆಯ ಸಂಖ್ಯೆ ಸಾವಿರಕ್ಕಿಂತ ಚಿಕ್ಕದಾಗಿದ್ದರೆ ಖಾತೆ ಸೊನ್ನೆಯಿಂದಲೇ ಶುರುವಾಗುತ್ತದೆ.

ನಮ್ಮ ಆ ಐವರದೂ ಅಂಥದೇ ಖಾತೆ. ನಿಜವಾದ ಸಂಖ್ಯೆ ಬರೆಯುವುದು ಸರಿಯಲ್ಲವಾದ್ದರಿಂದ ಕಲ್ಪಿಸಿ ಹೇಳುತ್ತೇನೆ. ಒಬ್ಬರದು 0123101012345, ಇನ್ನೊಬ್ಬರದು 0123101013002 ಎಂದಿಟ್ಟುಕೊಳ್ಳಿ. 0123 ಶಾಖೆ, 101 ಉಳಿತಾಯ ಖಾತೆಯ ಗುರುತು, ಉಳಿದ ಆರು ಅಂಕೆ ಖಾತೆದಾರರದು. ಹುಡುಗಿ ಸರಿಯಾಗಿಯೇ ಹೊಡೆದಳು. ಎಕ್ಸೆಲ್ ಮೊದಲ ಸೊನ್ನೆಯನ್ನು ಒಗೆಯಿತು, ಹನ್ನೆರಡು ಅಂಕೆ ಉಳಿಯಿತು. ಹನ್ನೆರಡಾದ್ದರಿಂದ E ಬಂತು. ಶಾಖೆ ಒಂದೇ, ಖಾತೆಯ ಬಗೆ ಒಂದೇ ಆದ್ದರಿಂದ E ತೋರಿಸುವ ಮೊದಲ ಆರು ಅಂಕೆಗಳೂ ಒಂದೇ ಆದವು. ವ್ಯತ್ಯಾಸವೆಲ್ಲ ಇದ್ದದ್ದು ಬಾಲದಲ್ಲಿ. ಕಾಣದೆ ಹೋದದ್ದೂ ಬಾಲವೇ.

ಇಲ್ಲಿಯವರೆಗೆ ದೊಡ್ಡ ಹಾನಿ ಆಗಿರಲಿಲ್ಲ. ಆ ಮನೆಯ ಮೇಲೆ ಕ್ಲಿಕ್ ಮಾಡಿ, ಮೇಲಿನ ಉದ್ದನೆಯ ಪಟ್ಟಿಯಲ್ಲಿ ನೋಡಿದರೆ 123101012345 ಎಂದು ಇನ್ನೂ ಪೂರ್ತಿ ಕಾಣುತ್ತಿತ್ತು. ಸೊನ್ನೆ ಹೋಗಿದೆ, ಬಾಲ ಇದೆ. ಆದರೆ ಬ್ಯಾಂಕು ಕೇಳಿದ್ದು ಸಿಎಸ್‌ವಿ ಫೈಲು. ಸಿಎಸ್‌ವಿ ಎಂದರೆ ಬಣ್ಣ, ಗೆರೆ, ಅಳತೆ ಏನೂ ಇಲ್ಲದ, ಅಲ್ಪವಿರಾಮಗಳಿಂದ ಬೇರೆ ಮಾಡಿದ ಬರೀ ಬರಹ. ಹಾಗೆ ಉಳಿಸುವಾಗ ಎಕ್ಸೆಲ್ ಒಳಗಿದ್ದದ್ದನ್ನು ಬರೆಯುವುದಿಲ್ಲ, ಹೊರಗೆ ತೋರಿದ್ದನ್ನು ಬರೆಯುತ್ತದೆ. ಫೈಲಿನಲ್ಲಿ 1.23101E+11 ಎಂದೇ ಕೂತಿತು. ಅದನ್ನು ಮತ್ತೆ ತೆರೆದರೆ ಐವರದೂ 123101000000. ಬಾಲ ಅಲ್ಲಿಗೆ ಮುಗಿಯಿತು; ಯಾವ ಸೂತ್ರ ಹಾಕಿದರೂ ಮರಳಿ ಬಾರದು.

ಹೀಗೆ ಎರಡು ಬಗೆಯ ಹಾನಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಸೊನ್ನೆ ಹೋದದ್ದು ವಾಸಿಯಾಗುತ್ತದೆ, ಉದ್ದ ಎಷ್ಟಿರಬೇಕೆಂದು ಗೊತ್ತಿದ್ದರೆ ಸಾಕು. ಬಾಲ ಹೋದದ್ದು ವಾಸಿಯಾಗುವುದಿಲ್ಲ, ಪಾಸ್‌ಬುಕ್ಕಿಗೇ ಹೋಗಬೇಕು. ಜನ ಎರಡಕ್ಕೂ ಒಂದೇ ಮದ್ದು ಹಚ್ಚುವುದರಿಂದಲೇ ಗೊಂದಲವಾಗುವುದು.

ತಪ್ಪು ನಂಬರಿಗೆ ಹಣ ಕಳಿಸಿದರೆ ಏನಾಗುತ್ತದೆ? ಹೆಚ್ಚಿನ ಸಲ ಅಂಥ ಖಾತೆಯೇ ಇರುವುದಿಲ್ಲ, ಹಣ ಮರಳಿ ಬರುತ್ತದೆ. ಆದರೆ ಹದಿನಾರು ಅಂಕೆಯ ನಂಬರಿನಲ್ಲಿ ಕೊನೆಯ ಅಂಕೆ ಸೊನ್ನೆಯಾದಾಗ ಅದು ಅದೇ ಶಾಖೆಯ ಬೇರೊಬ್ಬರ ಖಾತೆಯಾಗಿರಬಹುದು. ಹೆಸರು ತಾಳೆಯಾಗದಿದ್ದರೆ ಬ್ಯಾಂಕು ತಡೆಯುತ್ತದಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಆದರೆ ರಿಸರ್ವ್ ಬ್ಯಾಂಕು 2010ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ನೆಫ್ಟ್ ಮುಂತಾದ ಪಾವತಿಗಳಲ್ಲಿ ಖಾತೆ ನಂಬರೊಂದನ್ನೇ ನೋಡಿ ಹಣ ಜಮಾ ಮಾಡಬಹುದು. ನಂಬರ್ ಸರಿಯಾಗಿ ಕೊಡುವ ಹೊಣೆ ಕಳಿಸುವವರದು. 2024ರ ಡಿಸೆಂಬರ್ 30ರ ಸುತ್ತೋಲೆಯಲ್ಲಿ, ಕಳಿಸುವ ಮುಂಚೆ ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರ ಒಳಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಲಾಯಿತು. ಒಳ್ಳೆಯ ಸೌಲಭ್ಯ, ಆದರೆ ಕಣ್ಣಿಟ್ಟು ನೋಡಿದವರಿಗೆ ಮಾತ್ರ. ನಲವತ್ತೆರಡು ಹೆಸರಿನ ಫೈಲನ್ನು ಒಟ್ಟಿಗೆ ಕೊಡುವವರು ಪಟ್ಟಿಯನ್ನೇ ಸರಿ ಮಾಡಿಕೊಳ್ಳಬೇಕು.

ಫೋನ್ ನಂಬರಿನ ತೊಂದರೆ ಇನ್ನೂ ನಯವಾದದ್ದು, ಅಲ್ಲಿ E ಕಾಣಿಸುವುದೇ ಇಲ್ಲ. ಕಾರವಾರದ ಎಸ್‌ಟಿಡಿ ಕೋಡ್ 08382, ಅಂಕೋಲೆಯದು 08388. ಅದರ ಮುಂದೆ ಆರು ಅಂಕೆಯ ನಂಬರ್. ಒಟ್ಟು ಹನ್ನೊಂದು ಅಂಕೆಯನ್ನು ಸೇರಿಸಿ ಹೊಡೆದರೆ ಮೊದಲ ಸೊನ್ನೆ ಬಿದ್ದು ಹತ್ತು ಉಳಿಯುತ್ತದೆ, ಅದೂ 8ರಿಂದ ಶುರುವಾಗುತ್ತದೆ. ಹತ್ತು ಅಂಕೆ, 8ರಿಂದ ಆರಂಭ ಎಂದರೆ ನೋಡಿದವರಿಗೆ ಅದು ಮೊಬೈಲ್ ನಂಬರೇ. ಗೋವೆಯ 0832ಕ್ಕೂ ಹೀಗೆಯೇ. ಕೋಡಿನಲ್ಲಿ ಒಂದು ಅಂಕೆ ಕಡಿಮೆ, ಮುಂದಿನ ನಂಬರಿನಲ್ಲಿ ಒಂದು ಹೆಚ್ಚು, ಸೊನ್ನೆ ಬಿದ್ದ ಮೇಲೆ ಅದೂ ಹತ್ತೇ. ನಮ್ಮ ಪಟ್ಟಿಯಲ್ಲಿ ಮುದುಕರೊಬ್ಬರ ಮನೆಯ ಫೋನು ಹೀಗೆ ಮೊಬೈಲಿನ ಸಾಲಿನಲ್ಲಿ ಕೂತಿತ್ತು. ಹುಡುಗಿ ಅದಕ್ಕೆ ಮೂರು ಸಲ ಮೆಸೇಜು ಕಳಿಸಿ, ಉತ್ತರ ಬರಲಿಲ್ಲವೆಂದು ಅವರ ಹೆಸರಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದಳು. ಉದ್ದ ಅಳೆದರೆ ಇಂಥ ತಪ್ಪು ಸಿಗದು. 8382, 8388, 832 ಎಂದು ಶುರುವಾಗುವ ನಂಬರುಗಳನ್ನು ಬೇರೆ ಮಾಡಿ ಕೇಳಿ ತಿಳಿಯಬೇಕು.

ಹಡಗಿನಲ್ಲಿ, ಗಲ್ಫಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ 00971 ಎಂದು ಬರೆದಿಟ್ಟಿರುತ್ತಾರೆ. ಅಲ್ಲಿ ಎರಡೂ ಸೊನ್ನೆ ಹೋಗುತ್ತದೆ. +91 ಎಂದು ಹೊಡೆದರೆ ಎಕ್ಸೆಲ್ ಆ ಪ್ಲಸ್ಸನ್ನು ಧನ ಚಿಹ್ನೆಯೆಂದು ತಿಳಿದು ನುಂಗುತ್ತದೆ, ಹನ್ನೆರಡು ಅಂಕೆ ಉಳಿದು E ಬರುತ್ತದೆ. ವಿಚಿತ್ರವೆಂದರೆ ನಡುವೆ ಜಾಗ ಬಿಟ್ಟು, ಇಲ್ಲವೇ 08382 ಆದ ಮೇಲೆ ಅಡ್ಡಗೆರೆ ಹಾಕಿ ಬರೆಯುವ ಹಳೆಯ ಗುಮಾಸ್ತರ ರೂಢಿಯಲ್ಲಿ ನಂಬರ್ ಸುರಕ್ಷಿತವಾಗಿ ಉಳಿಯುತ್ತದೆ. ಅಡ್ಡಗೆರೆ ಕಂಡೊಡನೆ ಎಕ್ಸೆಲ್ ಅದನ್ನು ಬರಹವೆಂದು ಒಪ್ಪಿಕೊಳ್ಳುತ್ತದೆ. ಮನೆಯ ಫೋನಿಗೆ ನಾನು ಈಗಲೂ ಅದನ್ನೇ ಹೇಳುವುದು. ಖಾತೆ ನಂಬರಿಗೆ ಮಾತ್ರ ಇದು ಸಲ್ಲದು. ಬ್ಯಾಂಕಿನ ಫೈಲಿನಲ್ಲಿ ಅಂಕೆಯ ನಡುವೆ ಬೇರೇನೂ ಇರಬಾರದು.

ಇನ್ನು ಮದ್ದುಗಳು. ಎಲ್ಲರಿಗೂ ಗೊತ್ತಿರುವುದು ನಂಬರಿನ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕುವುದು. '0123101012345 ಎಂದು ಹೊಡೆದರೆ ಚಿಹ್ನೆ ಕಾಣಿಸುವುದಿಲ್ಲ, ನಂಬರ್ ಪೂರ್ತಿ ಉಳಿಯುತ್ತದೆ. ನಾಲ್ಕು ನಂಬರಿಗೆ ಸಾಕು. ನಲವತ್ತೆರಡರಲ್ಲಿ ಒಂದಕ್ಕೆ ಮರೆತರೂ ಆ ಒಂದು ಕೆಡುತ್ತದೆ, ಮರೆತದ್ದು ಗೊತ್ತೂ ಆಗುವುದಿಲ್ಲ.

ಎರಡನೆಯದು Ctrl+1 ಒತ್ತಿ, Custom ಆರಿಸಿ ಹದಿಮೂರು ಸೊನ್ನೆ ಬರೆಯುವುದು. ಆಗ ಹದಿಮೂರು ಅಂಕೆ ತುಂಬುವವರೆಗೆ ಎಡಗಡೆ ಸೊನ್ನೆ ಕಾಣಿಸುತ್ತದೆ. ನೋಡಲು ಚೆಂದ, ಆದರೆ ಒಳಗೆ ಮೊತ್ತವೇ ಇರುತ್ತದೆ. ಹದಿಮೂರರ ಕಾಲಮ್ಮಿನಲ್ಲಿ ಹನ್ನೊಂದು ಅಂಕೆಯ ಸ್ಟೇಟ್ ಬ್ಯಾಂಕ್ ಖಾತೆ ಬಂದರೆ ಅದಕ್ಕೂ ಎರಡು ಸೊನ್ನೆ ಮೆತ್ತುತ್ತದೆ. ಹದಿನಾರು ಅಂಕೆಯ ಖಾತೆಗೆ ಇದರಿಂದ ಏನೂ ಉಪಯೋಗವಿಲ್ಲ, ಕೊನೆಯ ಅಂಕೆ ಆಗಲೇ ಹೋಗಿರುತ್ತದೆ. ನಮ್ಮ ಬಗೆಯ ಮಿಶ್ರ ಪಟ್ಟಿಗೆ ಇದು ಹೊಂದದು.

ನನಗೆ ನಂಬಿಕೆಯಿರುವುದು ಮೂರನೆಯದರಲ್ಲಿ. ಹಾಳೆ ಖಾಲಿ ಇರುವಾಗಲೇ ಖಾತೆ ಮತ್ತು ಫೋನ್ ಕಾಲಂಗಳ ತಲೆಯ ಅಕ್ಷರವನ್ನು ಒತ್ತಿ ಇಡೀ ಕಾಲಮ್ಮನ್ನು ಆರಿಸಿ, Ctrl+1 ಒತ್ತಿ, Text ಆರಿಸುವುದು. ಆಮೇಲೆ ಎಷ್ಟು ಉದ್ದದ ನಂಬರ್ ಹೊಡೆದರೂ ಹೊಡೆದಂತೆಯೇ ಉಳಿಯುತ್ತದೆ. ಇದರಲ್ಲಿ ಜಾರುವ ಕಡೆ ಎರಡು. ನಂಬರ್ ಹೊಡೆದಾದ ಮೇಲೆ Text ಮಾಡಿದರೆ ಹೋದ ಸೊನ್ನೆ ಬರುವುದಿಲ್ಲ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವಾಗ ಅಲ್ಲಿಯ ಸ್ಥಿತಿಯೂ ಜೊತೆಗೆ ಬಂದು ನಮ್ಮ Text ಅಳಿಸಿಹೋಗಬಹುದು. Match Destination Formatting ಆರಿಸಿ ಅಂಟಿಸಬೇಕು.

Text ಮಾಡಿದ ಮನೆಗಳ ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನ ಮೂಡುತ್ತದೆ. ಅದನ್ನು ಒತ್ತಿದರೆ Number Stored as Text ಎಂಬ ಸೂಚನೆ, ಕೆಳಗೆ Convert to Number ಎಂಬ ಆಯ್ಕೆ. ನಮ್ಮ ಹುಡುಗಿ ಎರಡನೆಯ ಸಲ ಎಲ್ಲವನ್ನೂ ಸರಿಯಾಗಿ ತುಂಬಿ, ಆ ಹಸಿರು ಮೂಲೆಗಳು ತಪ್ಪಿನ ಗುರುತೆಂದು ಹೆದರಿ, ಒಟ್ಟಿಗೆ ಆರಿಸಿ Convert to Number ಒತ್ತಿಬಿಟ್ಟಳು. ಮತ್ತೆ ಅದೇ E. ಹಸಿರು ತ್ರಿಕೋನ ಇದ್ದರೆ ಇಲ್ಲಿ ಎಲ್ಲ ಸರಿಯಾಗಿದೆ ಎಂದು ಅರ್ಥ. ಕಣ್ಣಿಗೆ ಚುಚ್ಚಿದರೆ Ignore Error ಒತ್ತಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಹೊಡೆಯುವಾಗಲ್ಲ, ಫೈಲು ಮರಳಿ ಬಂದಾಗ. Text ಕಾಲಮ್ಮಿನಿಂದ ಉಳಿಸಿದ ಸಿಎಸ್‌ವಿಯಲ್ಲಿ ಸೊನ್ನೆಯೂ ಬಾಲವೂ ಪೂರ್ತಿ ಇರುತ್ತದೆ. ಆದರೆ ಆ ಕಾಲಂ Text ಎಂಬ ಮಾತನ್ನು ಬರೆದಿಡಲು ಸಿಎಸ್‌ವಿಯಲ್ಲಿ ಜಾಗವಿಲ್ಲ. ಯಾರೋ ಒಬ್ಬರು ಮೊತ್ತ ತಿದ್ದಲು ಅದರ ಮೇಲೆ ಎರಡು ಸಲ ಒತ್ತಿ ತೆರೆಯುತ್ತಾರೆ, ಎಕ್ಸೆಲ್ ಎಲ್ಲವನ್ನೂ ಮತ್ತೆ ಮೊತ್ತವೆಂದು ಓದುತ್ತದೆ, ಅವರು ಉಳಿಸಿ ಮುಚ್ಚುತ್ತಾರೆ. ಮುಟ್ಟದ ಕಾಲಂ ಕೆಟ್ಟಿರುತ್ತದೆ. ಆದ್ದರಿಂದ ನಮ್ಮಲ್ಲಿ ಈಗ ತಿದ್ದುವುದೆಲ್ಲ ಮೂಲ ಎಕ್ಸೆಲ್ ಫೈಲಿನಲ್ಲಿ, ಸಿಎಸ್‌ವಿ ಬ್ಯಾಂಕಿಗೆ ಕೊಡಲಷ್ಟೇ. ಕೊಡುವ ಮುಂಚೆ ನೋಡಬೇಕೆಂದರೆ ನೋಟ್‌ಪ್ಯಾಡಿನಲ್ಲಿ ತೆರೆಯುತ್ತೇವೆ. ಅದು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಎಕ್ಸೆಲ್‌ನಲ್ಲೇ ತೆರೆಯಬೇಕಾಗಿ ಬಂದರೆ Data ಕೆಳಗಿನ From Text/CSV ದಾರಿಯಲ್ಲಿ ಹೋಗಿ ಆ ಕಾಲಮ್ಮನ್ನು Text ಎಂದು ಗುರುತಿಸಿ ತರಬೇಕು. ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸಕ್ಕೆ Plain text ಎಂಬ ಆಯ್ಕೆಯಿದೆ. ಫೈಲು ತರುವಾಗ Convert text to numbers, dates, and formulas ಎಂಬ ಸಾಲಿನ ಗುರುತು ತೆಗೆಯಬೇಕು.

2023ರಿಂದ ಹೊಸ ಎಕ್ಸೆಲ್‌ನಲ್ಲಿ File, Options, Data ಒಳಗೆ Automatic Data Conversion ಎಂಬ ಭಾಗ ಬಂದಿದೆ. ಸೊನ್ನೆ ತೆಗೆಯುವುದು, ಹದಿನೈದರ ಮೇಲೆ ಕತ್ತರಿಸುವುದು, ಇವೆರಡನ್ನೂ ಅಲ್ಲಿ ನಿಲ್ಲಿಸಬಹುದು. ಬಹಳ ಕಾಲ ಕಾದ ಸೌಲಭ್ಯ, ಹಾಕಿಕೊಳ್ಳಬೇಕು. ಆದರೆ ಅದು ನಿಮ್ಮ ಕಂಪ್ಯೂಟರಿಗೆ ಮಾತ್ರ ಅನ್ವಯ. ಅದೇ ಸಿಎಸ್‌ವಿ ಫೈಲನ್ನು ಹಳೆಯ ಎಕ್ಸೆಲ್ ಇರುವ ಇನ್ನೊಬ್ಬರು ತೆರೆದರೆ ಹಿಂದಿನ ಕಥೆಯೇ.

ಆಗಲೇ ಕೆಟ್ಟ ಪಟ್ಟಿಯಲ್ಲಿ ಬಾಲ ಉಳಿದಿದ್ದರೆ ಸೊನ್ನೆಯನ್ನು ಮರಳಿ ತರುವ ಸೂತ್ರ ಇದು. ಹದಿಮೂರು ಅಂಕೆಯ ಖಾತೆಗಳ ಸಾಲುಗಳಿಗೆ ಮಾತ್ರ ಹಾಕಬೇಕು:

```
=TEXT(B2,"0000000000000")
```

ಬಂದ ಸೊನ್ನೆ ಸರಿಯೇ ಎಂದು ತಿಳಿಯಲು ಹಳೆಯ ಕೆನರಾ, ಸಿಂಡಿಕೇಟ್ ಖಾತೆಗಳಲ್ಲಿ ಒಂದು ಒಳ್ಳೆಯ ಸಾಕ್ಷಿ ಇದೆ. ಐಎಫ್‌ಎಸ್‌ಸಿಯ ಕೊನೆಯ ನಾಲ್ಕು ಅಂಕೆ ಖಾತೆಯ ಮೊದಲ ನಾಲ್ಕು ಅಂಕೆಗೆ ಹೊಂದುತ್ತದೆ. CNRB0000123 ಎಂದಿದ್ದರೆ ಖಾತೆ 0123ರಿಂದ ಶುರುವಾಗಬೇಕು. ಸಿಂಡಿಕೇಟಿನ SYNB0000123 ವಿಲೀನದ ಮೇಲೆ CNRB0010123 ಆಯಿತು, ಹಳೆಯ ಸಂಕೇತ 2021ರ ಜುಲೈ 1ರಿಂದ ನಿಂತಿತು. ಆದರೂ ಕೊನೆಯ ನಾಲ್ಕು ಅಂಕೆ ಅದೇ. ಐಎಫ್‌ಎಸ್‌ಸಿಯಲ್ಲಿ ಅಕ್ಷರಗಳಿರುವುದರಿಂದ ಎಕ್ಸೆಲ್ ಅದರ ಸೊನ್ನೆಗಳನ್ನು ಮುಟ್ಟಿರುವುದಿಲ್ಲ, ಹಾಗಾಗಿ ಅದನ್ನು ನಂಬಬಹುದು. ಖಾತೆಯನ್ನು ಬೇರೆ ಶಾಖೆಗೆ ವರ್ಗಾಯಿಸಿಕೊಂಡವರದು ಮಾತ್ರ ಹೊಂದದಿರಬಹುದು. ಅವರನ್ನು ಕೇಳಿಯೇ ತಿಳಿಯಬೇಕು.

ಪುನರಾವರ್ತನೆ ಹುಡುಕುವಾಗಲೂ ಎಚ್ಚರ ಬೇಕು. COUNTIF ಎಂಬ ಸೂತ್ರ ನಾವು Text ಮಾಡಿಟ್ಟ ನಂಬರನ್ನೂ ಮೊತ್ತದಂತೆ ಓದಿ ಹೋಲಿಸುತ್ತದೆ. ಹದಿನಾರನೆಯ ಅಂಕೆಯಲ್ಲಷ್ಟೇ ಬೇರೆಯಾದ ಎರಡು ಖಾತೆಗಳನ್ನು ಒಂದೇ ಎಂದು ಹೇಳಿಬಿಡುತ್ತದೆ. ಹಾಗೆ ಹೇಳಿದ್ದನ್ನು ನಂಬಿ ಒಬ್ಬರ ಹೆಸರು ತೆಗೆದರೆ ಅವರ ಹಣ ಹೋದಂತೆಯೇ. ಇದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ:

```
=SUMPRODUCT(--(B$2:B$43=B2))
```

ಉತ್ತರ 1 ಬಂದರೆ ಆ ಖಾತೆ ಪಟ್ಟಿಯಲ್ಲಿ ಒಂದೇ ಸಲ ಇದೆ. ಪಕ್ಕದ ಕಾಲಮ್ಮಿನಲ್ಲಿ =ISTEXT(B2) ಹಾಕಿದರೆ ಬರಹವಾಗಿ ಉಳಿದಿದೆಯೇ ಎಂದೂ, =LEN(B2) ಹಾಕಿದರೆ ಎಷ್ಟು ಅಂಕೆ ಇದೆ ಎಂದೂ ತಿಳಿಯುತ್ತದೆ.

ಆ ನಲವತ್ತೆರಡರ ಪಟ್ಟಿಯನ್ನು ಕೊನೆಗೆ ಹೊಸ ಹಾಳೆಯಲ್ಲಿ ಮೊದಲಿನಿಂದ ತುಂಬಿದೆವು. ಎರಡೂ ಕಾಲಂ Text ಮಾಡಿ, ಒಬ್ಬರು ಪಾಸ್‌ಬುಕ್ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಹೊಡೆಯುವುದು, ಮುಗಿದ ಮೇಲೆ ಹೊಡೆದವರು ಪರದೆ ನೋಡಿ ತಿರುಗಿ ಓದುವುದು. ಸೊನ್ನೆಯನ್ನು ಸೊನ್ನೆಯೆಂದೇ ಹೇಳಬೇಕು, ಎರಡು ಸೊನ್ನೆ ಇದ್ದರೆ ಎರಡು ಸಲ. ಮೂರು ಪಾಸ್‌ಬುಕ್ಕಿನ ಝೆರಾಕ್ಸಿನಲ್ಲಿ ಮೊದಲ ಅಂಕೆಯೇ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಅವರಲ್ಲಿ ಇಬ್ಬರು ಫೋನಿನಲ್ಲಿ ಸಿಕ್ಕಿದರು. ಮೂರನೆಯವರು ಆ ಮನೆಯ ಫೋನಿನ ಮುದುಕರು. 08382 ಸೇರಿಸಿ ಸಂಜೆ ಮಾಡಿದಾಗ ಅವರೇ ಎತ್ತಿ, ಕನ್ನಡಕ ತರುತ್ತೇನೆ ತಡಿ ಎಂದು ಹೇಳಿ, ಹದಿಮೂರೂ ಅಂಕೆಯನ್ನು ಸೊನ್ನೆಯಿಂದ ಶುರುಮಾಡಿ ಓದಿದರು.